ಅಡುಗೆಮನೆಯ ಏಳು ದಿನದ ಸ್ಲೇಟು

ಬೆಳಗಾದರೆ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಇವತ್ತೇನು ಹುಳಿ?" ಅಪ್ಪ ಹಲ್ಲುಜ್ಜುತ್ತಾ ಕೇಳುತ್ತಿದ್ದರು. ಅಜ್ಜಿ ದೇವರ ಮನೆಯಿಂದ ಕೇಳುತ್ತಿದ್ದಳು. ನಾನೂ ನನ್ನ ತಮ್ಮನೂ ಹಾಸಿಗೆ ಬಿಟ್ಟೇಳುವ ಮೊದಲೇ ಕೇಳುತ್ತಿದ್ದೆವು. ಅಮ್ಮ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ತರಕಾರಿ ಬುಟ್ಟಿಯನ್ನು ನೆಲದ ಮೇಲೆ ಬೋರಲು ಹಾಕಿ, ಇನ್ನೂ ಜೀವ ಇಟ್ಟುಕೊಂಡಿರುವುದು ಯಾವುದು ಎಂದು ಹುಡುಕುತ್ತಿದ್ದಳು. ಯಾವುದು ಇನ್ನೊಂದು ದಿನ ತಡೆಯುವುದಿಲ್ಲವೋ ಅದೇ ಅವತ್ತಿನ ಹುಳಿ. ನಮ್ಮ ಊಟವನ್ನು ಆರಿಸುತ್ತಿದ್ದುದು ನಾವಲ್ಲ, ಬಾಡಿದ ಬದನೆಕಾಯಿ.

ಇದು ಮದ್ರಾಸಿನ ಪೆರಂಬೂರಿನ ಮಾತು, ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಪ್ಪ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರು. ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಅಂಗೈಯಗಲ ಅಂಗಳ. ಮೈಸೂರು ಬಿಟ್ಟು ಬಂದು ಹತ್ತು ವರ್ಷವಾಗಿದ್ದರೂ ಅಮ್ಮನ ಮಾತಿನಲ್ಲಿ ಮೈಸೂರು ಹೋಗಿರಲಿಲ್ಲ. ನಾನು ಓದುತ್ತಿದ್ದದ್ದು ತಮಿಳಿನಲ್ಲಿ. ತಮ್ಮನಂತೂ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ.

ಅಪ್ಪನಿಗೆ ಭಾನುವಾರ ಬಂದರೆ ಒಂದು ಹುಚ್ಚು. ಬೆಳಗಿನ ರೈಲು ಹಿಡಿದು, ಎರಡು ಗೋಣಿಚೀಲ ಹಿಡಿದುಕೊಂಡು ಕೊತ್ವಾಲ್ ಚಾವಡಿಗೆ ಹೋಗುತ್ತಿದ್ದರು. ಊರಿಗೆಲ್ಲ ತರಕಾರಿ ಹಂಚುವ ಸಗಟು ಮಾರುಕಟ್ಟೆ ಅದು. ಅಲ್ಲಿ ಎಲ್ಲವೂ ಗುಡ್ಡೆ ಲೆಕ್ಕ. ಗುಡ್ಡೆ ಕಂಡರೆ ಅಪ್ಪನ ಕೈ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆವರು ಸುರಿಸಿಕೊಂಡು ಬಂದು, ಚೀಲ ಸುರಿದು, ಯುದ್ಧ ಗೆದ್ದವರ ಹಾಗೆ ನಿಲ್ಲುತ್ತಿದ್ದರು. ನಾಲ್ಕು ಕಟ್ಟು ಸೊಪ್ಪು, ಬುಟ್ಟಿ ತುಂಬ ಟೊಮೇಟೊ, ಮದುವೆ ಮನೆಗಾಗುವಷ್ಟು ಬೆಂಡೆಕಾಯಿ. ಮದ್ರಾಸಿನ ಸೆಖೆಗೆ ಸೊಪ್ಪು ಮರುದಿನವೇ ಕಪ್ಪಾಗುತ್ತಿತ್ತು. ಬುಧವಾರಕ್ಕೆ ಟೊಮೇಟೊ ಬುಟ್ಟಿಯ ಅಡಿಯಿಂದ ನೀರು ಹರಿಯುತ್ತಿತ್ತು. ಶುಕ್ರವಾರ, ಶನಿವಾರ ಮನೆಯಲ್ಲಿ ಏನೂ ಇಲ್ಲ, ಬರೀ ಸಾರು. ಬಾಗಿಲಿಗೆ ಬಂದು ಹಾಲು ಕರೆದುಕೊಡುತ್ತಿದ್ದವನ ಎಮ್ಮೆ ನಮ್ಮ ಮನೆ ಮುಂದೆ ಮಾತ್ರ ಹಗ್ಗ ಜಗ್ಗಿ ನಿಲ್ಲುತ್ತಿತ್ತು. ನಮ್ಮ ತರಕಾರಿಯಲ್ಲಿ ಅರ್ಧ ಪಾಲು ಅದರದ್ದೇ ಎಂದು ಅದಕ್ಕೂ ಗೊತ್ತಾಗಿಹೋಗಿತ್ತು.

ಇದರ ಮೇಲೆ ಅಜ್ಜಿಯ ಮಡಿ. ಅಜ್ಜಿ ಅಪ್ಪನ ತಾಯಿ. ಕೆಂಪು ಸೀರೆ ಉಟ್ಟ ಮಾಧ್ವ ವಿಧವೆ, ದಿನಕ್ಕೆ ಒಂದೇ ಹೊತ್ತು ಅನ್ನ ತಿನ್ನುವವಳು. ಮಧ್ಯಾಹ್ನ ಪೂಜೆ ಮುಗಿಸಿ ಎಲೆ ಮುಂದೆ ಕೂತರೆ ಅದೇ ಅವಳ ಊಟ. ರಾತ್ರಿ ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ಅಮ್ಮ ಸ್ನಾನ ಮಾಡಿ ಮಡಿಯುಟ್ಟು ಮಾಡಿದ ಅಡುಗೆ ಬಿಟ್ಟು ಬೇರೆ ಯಾರ ಮನೆಯದ್ದೂ ಆಗದು. ನಿನ್ನೆ ಉಳಿದದ್ದು ಆಗದು. ಎಲೆಕೋಸು, ಬೀಟ್‌ರೂಟು ಮುಂತಾದ ಇಂಗ್ಲಿಷ್ ತರಕಾರಿ ಕಂಡರೆ ಮುಖ ತಿರುಗಿಸುವಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಮ್ಮೆ ಸೆರಗಿನ ತುದಿಗೆ ಬೆಂಕಿ ತಗುಲಿದ ಮೇಲೆ, ಅಜ್ಜಿ ಒಲೆ ಹತ್ತಿರ ಹೋಗಕೂಡದು ಎಂದು ಅಪ್ಪ ಕಟ್ಟುನಿಟ್ಟು ಮಾಡಿದ್ದರು. ಹೀಗಾಗಿ ಅಜ್ಜಿಯ ಆ ಒಂದು ಹೊತ್ತಿನ ಅನ್ನ ಪೂರ್ತಿ ಅಮ್ಮನ ಕೈಯಲ್ಲಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಮ್ಮನಿಗೆ ಕೆಲಸದ ಕರೆ ಬಂತು. ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ಕನ್ನಡ ವಿಭಾಗ ಇದ್ದ ಒಂದು ಸಣ್ಣ ಶಾಲೆ. ಅಲ್ಲಿನ ಟೀಚರು ಬಾಣಂತನಕ್ಕೆ ಹೋಗಿದ್ದರು. ಅಮ್ಮ ಮದುವೆಗೆ ಮುಂಚೆಯೇ ಟ್ರೈನಿಂಗು ಮುಗಿಸಿದ್ದಳು. ಆ ಸರ್ಟಿಫಿಕೇಟು ಹನ್ನೆರಡು ವರ್ಷ ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಯ ಕೆಳಗೆ ಮಲಗಿತ್ತು. ಮೂರು ತಿಂಗಳ ಮಟ್ಟಿಗೆ ಬನ್ನಿ, ಸರಿಹೋದರೆ ಮುಂದಕ್ಕೂ ಇಟ್ಟುಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ಅವತ್ತು ಅಮ್ಮ ಆ ಸರ್ಟಿಫಿಕೇಟನ್ನು ತೆಗೆದು ಮಡಿಕೆ ಬಿಡಿಸಿ, ತೊಡೆಯ ಮೇಲಿಟ್ಟುಕೊಂಡು ಕೂತದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ಚಂದದ ಅಮ್ಮನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಪ್ಪ ಬೇಡ ಎನ್ನಲಿಲ್ಲ. ಒಂದು ಷರತ್ತು ಹಾಕಿದರು. ಅಜ್ಜಿ ಅಲ್ಲೇ ಹೂಬತ್ತಿ ಹೊಸೆಯುತ್ತಾ ಕೂತಿದ್ದಳು.

"ಮೂರು ತಿಂಗಳು ನೋಡೋಣ. ನಂಗೆ, ಮಕ್ಕಳಿಗೆ ಹ್ಯಾಗಾದ್ರೂ ನಡೆಯತ್ತೆ. ಆದ್ರೆ ಅಮ್ಮನ ಊಟ ಒಂದೇ ಒಂದು ದಿನ ತಪ್ಪಿದ್ರೂ ಅವತ್ತೇ ಕೆಲಸ ಬಿಟ್ಬಿಡ್ಬೇಕು. ಈ ಮಾತು ಈಗ್ಲೇ ಹೇಳಿದೀನಿ."

"ಆಗ್ಲಿ" ಎಂದಳು ಅಮ್ಮ.

ಅಜ್ಜಿ ತಲೆ ಎತ್ತದೆ ಮೂಗು ಮುರಿದಳು. "ಎರಡೂ ದೋಣೀಲಿ ಕಾಲಿಡ್ತಾಳಂತೆ. ನೋಡೋಣ ನೋಡೋಣ."

ಅಜ್ಜಿಯ ಮೇಲೆ ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಮ್ಮ ಸೋಲಲಿ ಎಂದು ಕಾಯುತ್ತಾ ಕೂತಿದ್ದಾಳೆ ಎಂದೇ ತೀರ್ಮಾನ ಮಾಡಿಬಿಟ್ಟೆ. ಹನ್ನೊಂದು ವರ್ಷದವಳಿಗೆ ತೀರ್ಮಾನ ಮಾಡುವುದು ಬಹಳ ಸುಲಭ.

ಆ ಶನಿವಾರ ಸಂಜೆ ಅಮ್ಮ ನನ್ನ ಹಳೆಯ ದೊಡ್ಡ ಸ್ಲೇಟನ್ನು ತೊಳೆದು, ಅಡುಗೆಮನೆಯ ಗೋಡೆಗೆ ಬೇಳೆ ಡಬ್ಬಗಳ ಪಕ್ಕದಲ್ಲಿ ಮೊಳೆ ಹೊಡೆದು ತಗುಲಿಹಾಕಿದಳು. ಅಡ್ಡ ಏಳು ಗೆರೆ, ಉದ್ದ ನಾಲ್ಕು ಗೆರೆ. ಮೊದಲ ಮನೆಯಲ್ಲಿ ವಾರ, ಎರಡನೆಯದರಲ್ಲಿ ತಿಥಿ, ಮೂರನೆಯದರಲ್ಲಿ ಅವತ್ತಿನ ಅಡುಗೆ, ನಾಲ್ಕನೆಯದರಲ್ಲಿ ಹಿಂದಿನ ಸಂಜೆಯೇ ಮಾಡಿಡಬೇಕಾದದ್ದು. ಅವಳು ಹೇಳುವುದು, ನಾನು ಬರೆಯುವುದು.

"ಮೊದ್ಲು ಸಾಯೋದನ್ನ ಮೊದ್ಲು ಬರಿ" ಎಂದಳು. ನನಗೆ ಅರ್ಥವಾಗದೆ ಬಾಯಿ ಬಿಟ್ಟೆ. ಆಮೇಲೆ ತಿಳಿಯಿತು. ಭಾನುವಾರ ತಂದದ್ದರಲ್ಲಿ ಬೇಗ ಹಾಳಾಗುವುದಕ್ಕೆ ವಾರದ ಮೊದಲ ದಿನಗಳು. ಸೋಮವಾರ ಬೆಂಡೆಕಾಯಿ, ಮಂಗಳವಾರ ಬದನೆಕಾಯಿ. ಹುರುಳಿಕಾಯಿ, ಹೀರೆಕಾಯಿಗೆ ಬುಧವಾರ ಗುರುವಾರ. ಹೀರೆಕಾಯಿಯ ಸಿಪ್ಪೆ ಅವತ್ತಿನ ಚಟ್ನಿಗೆ. ಬಾಳೆಕಾಯಿ, ಸುವರ್ಣಗೆಡ್ಡೆ, ಕುಂಬಳಕಾಯಿ ಇವೆಲ್ಲ ಗಟ್ಟಿ ಪಿಂಡಗಳು, ಶುಕ್ರವಾರ ಶನಿವಾರದ ತನಕ ಕಾಯುತ್ತವೆ. ಸೊಪ್ಪನ್ನು ಅಪ್ಪ ತರುವಂತೆಯೇ ಇಲ್ಲ. ಸೊಪ್ಪಿನವಳು ದಿನಾ ಬೀದಿಗೆ ಬರುತ್ತಿದ್ದಳು, ಬೇಕಾದ ದಿನ ಒಂದೇ ಕಟ್ಟು. ಅಪ್ಪನ ಕೈಗೆ ಚೀಟಿ. ಚೀಟಿಯಲ್ಲಿ ಇಲ್ಲದ್ದನ್ನು ತಂದರೆ ಅವರೇ ಅಂಗಳದಲ್ಲಿ ಕೂತು ಹೆಚ್ಚಿಕೊಡಬೇಕು.

ಶನಿವಾರ ಸಂಜೆ ಒರಳಲ್ಲಿ ಒಂದೇ ಸಲ ಹಿಟ್ಟು ರುಬ್ಬುವುದು. ಭಾನುವಾರ ಇಡ್ಲಿ, ಸೋಮವಾರ ದೋಸೆ, ಉಳಿದ ಹುಳಿ ಹಿಟ್ಟಿಗೆ ಹಸಿಮೆಣಸಿನಕಾಯಿ ಹಾಕಿ ಮಂಗಳವಾರ ಗುಳಿಯ ಪಡ್ಡು. ಮೊಸರು ಹುಳಿ ತಿರುಗಿದರೆ ಗುರುವಾರ ಮಜ್ಜಿಗೆಹುಳಿ. ಅಕ್ಕಿಗೆ ಲೋಟದ ಅಳತೆ. ಯಾರಿಗೆಷ್ಟು ಎಂದು ಒಂದು ವಾರ ಗಮನಿಸಿ, ಒಟ್ಟು ಎಷ್ಟು ಪಾವು ಎಂದು ಸ್ಲೇಟಿನ ನೆತ್ತಿಯ ಮೇಲೆ ಬರೆಸಿದಳು. ಅದಕ್ಕೂ ಮೀರಿ ಅನ್ನ ಉಳಿದರೆ ಸಂಜೆ ನನಗೂ ತಮ್ಮನಿಗೂ ಚಿತ್ರಾನ್ನ. ನಾಲ್ಕನೇ ಮನೆಯಲ್ಲಿ ಕಾಳು ನೆನೆಹಾಕುವುದು, ತೆಂಗಿನಕಾಯಿ ಒಡೆದಿಡುವುದು, ಗೆಡ್ಡೆ ಸಿಪ್ಪೆ ತೆಗೆಯುವುದು. ಹಾಗೆ ಮಾಡಿಟ್ಟರೆ ಬೆಳಗ್ಗೆ ಐದಕ್ಕೆ ಮಡಿಯುಟ್ಟು ನಿಂತ ಅಮ್ಮ ಏಳೂವರೆಗೆ ಅಡುಗೆ ಮುಗಿಸಿ, ಒಲೆ ಸಾರಿಸಿ, ಬೇರೆ ಸೀರೆ ಉಟ್ಟು ಬಸ್ಸಿಗೆ ಓಡಬಹುದಾಗಿತ್ತು.

ಅಪ್ಪ ಮೊದಲ ಭಾನುವಾರ ಚೀಟಿ ಮೀರಿ ಕೂಸಿನ ಗಾತ್ರದ ಒಂದು ಕುಂಬಳಕಾಯಿ ತಂದರು. "ನಾನು ಸುಮ್ನೆ ಕೇಳಿದ ಬೆಲೆಗೆ ಕೊಟ್ಬಿಟ್ಟ ಕಣೇ" ಎಂದು ತೊದಲಿದರು. ಅಮ್ಮ ಈಳಿಗೆಮಣೆ ತಂದು ಅವರ ಮುಂದಿಟ್ಟಳು. ಪಾಪ, ಆ ಕುಂಬಳಕಾಯಿಯ ಸಿಪ್ಪೆ ಕೆತ್ತುವುದರಲ್ಲಿ ಅವರ ಭಾನುವಾರವೇ ಕಳೆಯಿತು. ಅರ್ಧ ಕಾಯಿಯನ್ನು ಪಕ್ಕದ ಮನೆಗೆ ಕೊಟ್ಟೆವು. ಮುಂದೆ ಯಾವತ್ತೂ ಅವರು ಚೀಟಿ ಮೀರಲಿಲ್ಲ.

ಮೂರನೇ ವಾರದ ಹೊತ್ತಿಗೆ ಮನೆಗೆ ಒಂದು ನೆಮ್ಮದಿ ಬಂದಿತ್ತು. "ಇವತ್ತೇನು ಹುಳಿ" ಎಂಬ ಪ್ರಶ್ನೆಯೇ ಹೊರಟುಹೋಯಿತು. ಎದ್ದವರೆಲ್ಲ ಸ್ಲೇಟಿನ ಮುಂದೆ ಹೋಗಿ ನಿಲ್ಲುವುದು. ತಮ್ಮ ಮಾತ್ರ ಹಾಗಲಕಾಯಿ ಬರೆದಿದ್ದರೆ "ಎನಕ್ಕು ವೇಂಡಾಂ", ನನಗೆ ಬೇಡ, ಎಂದು ಎರಡು ದಿನ ಮುಂಚೆಯೇ ಅಳಲು ಶುರು ಮಾಡುತ್ತಿದ್ದ. ಬುಟ್ಟಿ ಶನಿವಾರಕ್ಕೆ ಸರಿಯಾಗಿ ಬರಿದಾಗುತ್ತಿತ್ತು. ಎಮ್ಮೆ ಎರಡು ವಾರ ಕಾದು ನೋಡಿ, ನಮ್ಮ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟಿತು. ಅಮ್ಮ ಸಂಜೆ ಶಾಲೆಯಿಂದ ಬಂದವಳು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಅವಳು ಕೂತು ಕಾಫಿ ಕುಡಿದದ್ದನ್ನು ನಾನು ಕಂಡದ್ದು ಆಗಲೇ.

ಅಜ್ಜಿ ಮಾತ್ರ ಸ್ಲೇಟಿನತ್ತ ಹೋಗುತ್ತಿರಲಿಲ್ಲ. ಓದಲು ಕಣ್ಣೂ ಸಾಲದು. "ನನ್ನ ಹೊಟ್ಟೇನ ಬಳಪದಲ್ಲಿ ಬರೀತಾರಂತೆ" ಎಂದು ಗೊಣಗುವಳು. ಗೊಣಗಿದರೂ ಹೊತ್ತಿಗೆ ಸರಿಯಾಗಿ ಎಲೆ ಮುಂದೆ ಕೂರುವಳು. ಒಂದು ದಿನವೂ ಅವಳ ಅನ್ನ ತಪ್ಪಿರಲಿಲ್ಲ.

ಸ್ಲೇಟಿನಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ತಿಥಿಯ ಮನೆ. ಅಮ್ಮ ಉಳಿದ ಮೂರು ಮನೆ ತಪ್ಪಿದರೂ ಅದೊಂದು ತಪ್ಪಬಾರದು ಎಂದಿದ್ದಳು. ಏಕೆಂದರೆ ಹದಿನೈದು ದಿನಕ್ಕೊಮ್ಮೆ ಏಕಾದಶಿ ಬಂದು ವಾರದ ಮೂರು ದಿನವನ್ನು ತಲೆಕೆಳಗು ಮಾಡುತ್ತಿತ್ತು. ದಶಮಿಯ ದಿನ ಅಜ್ಜಿಗೆ ಮಧ್ಯಾಹ್ನದ ಊಟ ಚೆನ್ನಾಗಿ ಆಗಬೇಕು, ಆಮೇಲೆ ಅನ್ನವಿಲ್ಲ. ಏಕಾದಶಿ ಪೂರ್ತಿ ಉಪವಾಸ. ಅವಳಿಗೆ ತೀರ್ಥ, ನೀರು, ಅಷ್ಟೇ. ಮನೆಯಲ್ಲಿ ಅನ್ನವನ್ನೇ ಮಾಡದೆ ನಮಗೆಲ್ಲ ಉಪ್ಪಿಟ್ಟೋ ಅವಲಕ್ಕಿಯೋ. ದ್ವಾದಶಿಯ ಬೆಳಗ್ಗೆ ಹೊತ್ತು ಮೂಡುವ ವೇಳೆಗೇ ಪಾರಣೆ, ಅಂದರೆ ಉಪವಾಸ ಮುರಿಯುವ ಊಟ. ಅದಕ್ಕೆ ಹುಣಸೆಹಣ್ಣು ಕೂಡದು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಹೆಸರುಬೇಳೆ ಇರಲೇಬೇಕು. ಅಗಸೆ ಸೊಪ್ಪನ್ನು ಹಿಂದಿನ ಸಂಜೆಯೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು.

ಈ ತಿಥಿಯನ್ನು ನೋಡಿ ಬರೆಯುವ ಕೆಲಸ ನನ್ನದು. ದೇವರ ಮನೆಯಲ್ಲಿ ಮಠದಿಂದ ತರಿಸಿದ ಕನ್ನಡ ಪಂಚಾಂಗವಿತ್ತು. ಅದನ್ನು ಮುಟ್ಟಬೇಕಾದರೆ ಸ್ನಾನವಾಗಿರಬೇಕು. ಶನಿವಾರ ಸಂಜೆ ಆಟದಿಂದ ಬಂದವಳಿಗೆ ಮತ್ತೊಂದು ಸ್ನಾನ ಯಾರಿಗೆ ಬೇಕು? ಮೇಲಾಗಿ ಆ ಪಂಚಾಂಗದ ಒತ್ತೊತ್ತಾದ ಅಕ್ಷರ, ಘಳಿಗೆ, ವಿಘಳಿಗೆ. ನನ್ನ ಕನ್ನಡ ಓದು ಅಷ್ಟಕ್ಕಷ್ಟೇ. ನಡುಮನೆಯ ಗೋಡೆಯಲ್ಲಿ ದಿನಸಿ ಅಂಗಡಿಯವನು ಕೊಟ್ಟ ತಮಿಳು ದಿನದ ಹಾಳೆಯ ಕ್ಯಾಲೆಂಡರು ತೂಗಾಡುತ್ತಿತ್ತು. ಒಂದೊಂದೇ ಹಾಳೆ ಎತ್ತಿ ನೋಡಿದರೆ ಸಾಕು, ದೊಡ್ಡ ಅಕ್ಷರದಲ್ಲಿ ಏಕಾದಶಿ ಎಂದು ಬರೆದಿರುತ್ತಿತ್ತು. ಮೊದಲ ಒಂದು ಸಲ ಪಂಚಾಂಗ ನೋಡಿದೆ. ಅದರಲ್ಲೂ ಇದರಲ್ಲೂ ಒಂದೇ ದಿನ ಇತ್ತು. ಮುಂದೆ ನಾನು ಪಂಚಾಂಗದ ತಂಟೆಗೇ ಹೋಗಲಿಲ್ಲ. ಅಮ್ಮ "ನೋಡಿ ಬರೆದ್ಯಾ?" ಎಂದರೆ "ಹ್ಞೂಂ, ನೋಡ್ದೆ" ಎನ್ನುತ್ತಿದ್ದೆ. ನೋಡಿದ್ದು ನಿಜ, ಯಾವುದನ್ನು ಎಂದು ಅವಳು ಕೇಳಿರಲಿಲ್ಲ.

ಎರಡನೇ ತಿಂಗಳ ಒಂದು ವಾರ ಕ್ಯಾಲೆಂಡರಿನಲ್ಲಿ ಏಕಾದಶಿ ಮಂಗಳವಾರ ಎಂದಿತ್ತು. ನಾನು ಸ್ಲೇಟಿನಲ್ಲಿ ಸೋಮವಾರ ದಶಮಿ, ಮಂಗಳವಾರ ಏಕಾದಶಿ, ಬುಧವಾರ ದ್ವಾದಶಿ ಎಂದು ಚಂದವಾಗಿ ಬರೆದೆ. ಅಮ್ಮ ಅದರ ಪ್ರಕಾರವೇ ಬದನೆಕಾಯಿಯನ್ನು ಸೋಮವಾರಕ್ಕೆ ಎಳೆದುಕೊಂಡು, ಮಂಗಳವಾರಕ್ಕೆ ಉಪ್ಪಿಟ್ಟು ಬರೆಸಿದಳು.

ಮಂಗಳವಾರ ಬೆಳಗ್ಗೆ ಅಮ್ಮ ಉಪ್ಪಿಟ್ಟು ಮಾಡಿ ಮುಚ್ಚಿಟ್ಟು, ಒಲೆ ಆರಿಸಿ ಶಾಲೆಗೆ ಹೋದಳು. ಅಜ್ಜಿ ಆಗ ಜಪಕ್ಕೆ ಕೂತಿದ್ದಳು. ಮಧ್ಯಾಹ್ನ ಕಾರ್ಖಾನೆಯ ಸಂಗು ಊದಿತು. ಸಂಗು ಎಂದರೆ ಆ ಕಡೆ ಸೈರನ್ನಿಗೆ ಹೇಳುವ ಮಾತು. ಸಂಗು ಊದಿದ ಹತ್ತು ನಿಮಿಷಕ್ಕೆ ಅಪ್ಪ ಸೈಕಲ್ಲಿನಲ್ಲಿ ಊಟಕ್ಕೆ ಬರುತ್ತಿದ್ದರು. ಹತ್ತಿರದ ಶಾಲೆಯಿಂದ ನಾನೂ ತಮ್ಮನೂ ಬರುತ್ತಿದ್ದೆವು. ಅವತ್ತು ನಾವು ಬಂದಾಗ ಅಜ್ಜಿ ಪೂಜೆ ಮುಗಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮೂಲೆಯಲ್ಲಿ ಅವಳೇ ಒರೆಸಿ ಹಾಸಿಕೊಂಡ ಬಾಳೆಲೆ. ಎದುರಿಗೆ ತಣ್ಣಗಿನ ಒಲೆ. ಅನ್ನದ ಪಾತ್ರೆ ಬೋರಲು ಹಾಕಿತ್ತು.

"ಏನಿದೆ ಇದ್ರಲ್ಲಿ?" ಎಂದು ಮುಚ್ಚಿಟ್ಟ ಪಾತ್ರೆ ತೋರಿಸಿ ನನ್ನನ್ನು ಕೇಳಿದಳು.

"ಉಪ್ಪಿಟ್ಟು ಅಜ್ಜಿ. ಇವತ್ತು ಏಕಾದಶಿ ಅಲ್ವಾ? ಸ್ಲೇಟಲ್ಲಿ ಬರೆದಿದೆ."

ಅಜ್ಜಿ ನನ್ನ ಕಡೆ ಮುಖ ತಿರುಗಿಸಿದಳು. ಪೊರೆ ಬಂದ ಕಣ್ಣಿಗೆ ನಾನೆಷ್ಟು ಕಂಡೆನೋ ಏನೋ. ಅಷ್ಟರಲ್ಲಿ ಅಪ್ಪ ಕಾಲು ತೊಳೆದು ಒಳಗೆ ಬಂದರು.

"ಇವತ್ತು ಏಕಾದಶೀನಾ? ನಾಳೆ ಅಂತ ನೀನೇ ಹೇಳಿದ್ಯಲ್ಲಮ್ಮ ಮೊನ್ನೆ?" ಎಂದರು. ಅವರ ಕಣ್ಣು ಮೂಲೆಯ ಎಲೆಯ ಮೇಲೆ ಬಿತ್ತು. ಹುಬ್ಬು ಗಂಟಿಕ್ಕಿತು. "ನಿಂಗೆ ಅನ್ನ ಮಾಡಿಲ್ವಾ ಇವತ್ತು?"

ಅಜ್ಜಿ ಬಗ್ಗಿ ಎಲೆಯನ್ನು ಎತ್ತಿಕೊಂಡಳು. ಅದನ್ನು ಎರಡಾಗಿ ಸೀಳಿ ನನ್ನ ಮುಂದೊಂದು, ತಮ್ಮನ ಮುಂದೊಂದು ಹಾಕಿದಳು.

"ಮಕ್ಕಳಿಗೆ ಎಲೆ ಹಾಕೋಣ ಅಂತ ತೆಗೆದೆ ಕಣೋ. ನಂಗೆಲ್ಲಿ ಊಟ? ಈ ಸಲ ಎರಡು ದಿನ ಉಪವಾಸ. ಇವತ್ತೂ ಉಂಟು, ನಾಳೆಯೂ ಉಂಟು. ನಂಗೇ ಮರೆತುಹೋಗಿತ್ತು, ನಿನ್ ಹೆಂಡ್ತಿ ನೋಡಿ ಬರೆಸಿದಾಳೆ."

ಎರಡು ದಿನ ಕೂಡಿ ಬರುವ ಉಪವಾಸ ವರ್ಷಕ್ಕೆ ಯಾವಾಗಲೋ ಒಮ್ಮೆ ಬರುವುದುಂಟು. ಅಪ್ಪನಿಗೆ ಅದರ ಗೊಡವೆ ಇರಲಿಲ್ಲ, ನಂಬಿದರು. "ಎರಡು ದಿನಾನಾ? ಹಾಲಾದ್ರೂ ಕುಡಿ" ಎಂದರು. ಅಜ್ಜಿ ತಲೆಯಾಡಿಸಿದಳು. ನಾನು ಉಪ್ಪಿಟ್ಟು ತಿಂದೆ. ಚೆನ್ನಾಗಿತ್ತು. ಎರಡನೇ ಸಲ ಕೇಳಿದೆ. ಬಡಿಸಿದವಳು ಅಜ್ಜಿ.

ಸಂಜೆ ಅಮ್ಮನಿಗೂ ಅಜ್ಜಿ ಅದನ್ನೇ ಹೇಳಿದಳು. ಅಜ್ಜಿಯ ತಿಥಿಜ್ಞಾನದ ಮುಂದೆ ಅಮ್ಮ ಎದುರಾಡುವವಳಲ್ಲ. ಪಾರಣೆಯನ್ನು ಗುರುವಾರಕ್ಕೆ ತಳ್ಳಿದಳು. ಅಷ್ಟು ಹೊತ್ತಿಗೆ ಅಗಸೆ ಸೊಪ್ಪು ಬಂದಾಗಿತ್ತು. ಅದಕ್ಕೆ ಇನ್ನೊಮ್ಮೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಸುತ್ತಿದಳು.

ಬುಧವಾರ ಸಂಜೆ ದೇವರಿಗೆ ದೀಪ ಹಚ್ಚಲು ಎದ್ದ ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಕುಸಿದು ಕೂತಳು. ಕಣ್ಣು ಕತ್ತಲೆ ಬಂದಿತ್ತು. ತುಟಿ ಒಣಗಿ ಬಿಳಿಚಿತ್ತು. ಆಗಷ್ಟೇ ಸ್ನಾನ ಮಾಡಿದ್ದ ಅಮ್ಮ ಓಡಿಬಂದು ಗೋಡೆಗೆ ಒರಗಿಸಿ ಬೀಸಣಿಗೆ ಬೀಸಿದಳು. ಬೆಳಗ್ಗೆ ಎಷ್ಟು ಬೇಗ ಪಾರಣೆ ಮಾಡಿಸಬಹುದು, ನೋಡೋಣ ಎಂದು ಕೈಕಾಲು ತೊಳೆದು ಪಂಚಾಂಗ ತೆಗೆದಳು. ಹಾಳೆ ತಿರುಗಿಸಿದವಳು ಅಲ್ಲೇ ನಿಂತಳು. ಮತ್ತೊಮ್ಮೆ ಬೆರಳಿಟ್ಟು ಓದಿದಳು. ಮಂಗಳವಾರದ ಎದುರಿಗೆ ದಶಮಿ ಆಚರಣೆ ಎಂದಿತ್ತು. ಬುಧವಾರ ಏಕಾದಶಿ. ಎರಡು ದಿನದ ಉಪವಾಸ ಎಲ್ಲೂ ಇರಲಿಲ್ಲ.

"ನೀನು ಎಲ್ಲಿಂದ ಬರ್ಕೊಂಡೆ ತಿಥಿ?" ಎಂದಳು ನನ್ನ ಕಡೆ ತಿರುಗಿ.

ನಡುಮನೆಯ ಕ್ಯಾಲೆಂಡರಿನ ಕಡೆ ಕೈ ತೋರಿಸಿದೆ.

ಅಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಅಜ್ಜಿಯ ಮುಂದೆ ಹೋಗಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಅತ್ತೆ, ನಿನ್ನೆ ನಿಮಗೆ ಊಟ ಇತ್ತಲ್ಲ. ಯಾಕೆ ಹೇಳ್ಲಿಲ್ಲ ನೀವು?"

ಅಜ್ಜಿಯ ಧ್ವನಿ ಬಹಳ ಸಣ್ಣಗಿತ್ತು. "ಕೂಸಿನ ಕ್ಯಾಲೆಂಡರಿನದ್ದೂ ತಪ್ಪಲ್ಲ ಬಿಡು. ಊರಿಗೆ ನಿನ್ನೆಯೇ ಏಕಾದಶಿ. ದಶಮಿ ಸೋಕಿದ್ದನ್ನ ನಾವು ಮಾಧ್ವರು ಏಕಾದಶಿ ಅನ್ನೋದಿಲ್ಲ, ನಮ್ಗೆ ಮಾರನೇ ದಿನ. ಅದು ಕೂಸಿಗೆ ಹ್ಯಾಗೆ ಗೊತ್ತಾಗ್ಬೇಕು?"

"ನನ್ನಿಂದ ನಿಮ್ಮ ಅನ್ನ ತಪ್ತು. ಇನ್ನು ಸಾಕು. ಅವರು ಬರ್ಲಿ, ಹೇಳ್ಬಿಡ್ತೀನಿ. ನಾಳೆಯಿಂದ ನಾನು ಶಾಲೆಗೆ ಹೋಗಲ್ಲ."

"ಏನಂತ ಹೇಳ್ತೀಯ?" ಅಜ್ಜಿ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಹಸಿವು ನಂದು. ನಾನೇ ಹೇಳಿಲ್ಲ, ನೀನ್ಯಾರು ಹೇಳೋಕೆ? ಉಪವಾಸ ಅಂತ ಬಾಯಿಬಿಟ್ಟು ಅಂದೆ, ಅಂದ ಮೇಲೆ ಮಾಡ್ದೆ. ಸುಳ್ಳು ಏನಾಯ್ತು ಅದ್ರಲ್ಲಿ?"

ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಅಂದಳು. "ನಾನೂ ಈ ಮನೇಲಿ, ಆ ಮನೇಲಿ ಐವತ್ತು ವರ್ಷ ಒಲೆ ಮುಂದೆ ಕೂತಿದೀನಿ. ಕಾಫಿ ಕುಡಿಯೋಕೆ ಮೆಟ್ಟಿಲ ಮೇಲೆ ಕೂತಿದ್ದಿಲ್ಲ. ನೀನು ಕೂತಿರ್ತೀಯ. ಕಣ್ಣು ಕಾಣ್ದಿದ್ರೂ ಅಷ್ಟು ಕಾಣತ್ತೆ ನಂಗೆ. ಏಳು, ಅವನು ಬರೋ ಹೊತ್ತಾಯ್ತು, ಮುಖ ತೊಳ್ಕೋ."

ನಾನು ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ಕೇಳಿದೆ. ಮಂಗಳವಾರ ಹಸಿದ ಆ ಕೈಯಿಂದಲೇ ನಾನು ಎರಡನೇ ಸಲ ಉಪ್ಪಿಟ್ಟು ಬಡಿಸಿಕೊಂಡಿದ್ದೆ. ಎಂಟು ವಾರ ನಾನು ಆ ಮುದುಕಿಯನ್ನು ಅಮ್ಮನ ಶತ್ರು ಎಂದುಕೊಂಡು ಮುಖ ಗಂಟಿಕ್ಕಿಕೊಂಡು ಓಡಾಡಿದ್ದೆ. ನಾಚಿಕೆ ಎಂದರೇನು ಎಂದು ನಾನು ಕಲಿತದ್ದು ಆ ಬಾಗಿಲ ಸಂದಿಯಲ್ಲಿ. ಹೋಗಿ ಅಜ್ಜಿಯ ಕಾಲು ಹಿಡಿಯಬೇಕು ಅನ್ನಿಸಿತು. ಆದರೆ ನನಗೆ ಸ್ನಾನವಾಗಿರಲಿಲ್ಲ, ಅವಳು ಮಡಿಯಲ್ಲಿದ್ದಳು. ದೂರದಲ್ಲೇ ನಿಂತು ಅತ್ತೆ.

ಅಪ್ಪ ಬಂದರು. "ಯಾಕಮ್ಮ ಮಲಗಿದೀಯ?" ಎಂದರು. "ಸೆಖೆ ಕಣೋ" ಎಂದಳು ಅಜ್ಜಿ.

ಗುರುವಾರ ಬೆಳಕು ಹರಿಯುವ ಮುನ್ನವೇ ನಾನು ಎದ್ದು, ಕೊಳಾಯಿಯ ತಣ್ಣೀರಲ್ಲಿ ಸ್ನಾನ ಮಾಡಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ಅಮ್ಮ ಒದ್ದೆ ಬಟ್ಟೆ ಬಿಚ್ಚಿದಳು. ಎರಡು ದಿನ ಕಾದ ಅಗಸೆ ಸೊಪ್ಪು ಅಲ್ಲಲ್ಲಿ ಹಳದಿಯಾಗಿತ್ತು. ಹಳದಿ ಎಲೆಗಳನ್ನು ಒಂದೊಂದಾಗಿ ಆರಿಸಿ ತೆಗೆದ ಮೇಲೆ ಒಂದು ಹಿಡಿ ಉಳಿಯಿತು. ಒಬ್ಬರಿಗೆ ಸಾಲುವಷ್ಟು. ಅಜ್ಜಿ ಎಲೆಯ ಮುಂದೆ ಕೂತಳು. ಅಮ್ಮ ಬಡಿಸುತ್ತಲೇ ಇದ್ದಳು, ಅಜ್ಜಿ ಸಾಕು ಎನ್ನದೆ ತಿನ್ನುತ್ತಲೇ ಇದ್ದಳು. ಅಷ್ಟೊಂದು ತಿಂದದ್ದನ್ನು ನಾನು ನೋಡಿರಲಿಲ್ಲ.

ಆ ಶನಿವಾರ ಸಂಜೆ ನಾನು ಯಾರೂ ಹೇಳದೆಯೇ ಸ್ನಾನ ಮಾಡಿ ಪಂಚಾಂಗ ತಂದೆ. ಅಜ್ಜಿ ಸ್ಲೇಟಿನ ಕೆಳಗೆ ಮಣೆ ಹಾಕಿಕೊಂಡು ಕೂತಿದ್ದಳು. "ತಿಥಿ ನಾನು ಹೇಳ್ತೀನಿ ಬರ್ಕೋ. ಆಮೇಲೆ ಅದ್ರಲ್ಲಿ ನೋಡಿ ತಾಳೆ ಮಾಡು" ಎಂದಳು. ಕಣ್ಣು ಮುಚ್ಚಿ ಬೆರಳ ಗೆಣ್ಣುಗಳನ್ನು ಎಣಿಸುತ್ತಾ ಏಳೂ ದಿನ ಹೇಳಿದಳು. ಪಂಚಾಂಗದ ಜೊತೆ ಒಂದೂ ತಪ್ಪಿರಲಿಲ್ಲ. ಅಲ್ಲಿಂದ ಮುಂದೆ ತಿಥಿಯ ಮನೆ ಅವಳದ್ದಾಯಿತು. ಕ್ರಮೇಣ ಬೇರೆ ಮನೆಗಳಿಗೂ ಕೈ ಚಾಚಿದಳು. "ಬಾಳೆಕಾಯಿ ಶುಕ್ರವಾರದ ತನಕ ಯಾಕೆ? ಹಣ್ಣಾಗ್ಬಿಡತ್ತೆ. ನೀರಲ್ಲಿ ಮುಳುಗಿಸಿಡಕ್ಕೆ ಹೇಳು" ಎಂದು ಅಮ್ಮನಿಗೇ ಪಾಠ ಹೇಳುವಳು. ಅಮ್ಮ ಟೀಚರು, ಅವಳ ಟೀಚರು ಅಜ್ಜಿ.

ಮೂರು ತಿಂಗಳು ತುಂಬಿದ ದಿನ ಶಾಲೆಯವರು ಜೂನಿನಿಂದ ಕಾಯಂ ಎಂದು ಕಾಗದ ಕೊಟ್ಟರು. ಸಂಜೆ ಅಮ್ಮ ಅದನ್ನು ಅಪ್ಪನ ಕೈಗಿಟ್ಟು ಬಾಗಿಲ ಪಕ್ಕ ನಿಂತಳು. ಅಪ್ಪ ಎರಡು ಸಲ ಓದಿ, ಮಡಿಸಿ, ಅವಳಿಗೇ ವಾಪಸು ಕೊಟ್ಟರು.

"ನನ್ ಮಾತು ನಾನು ಉಳಿಸ್ಕೋಬೇಕಲ್ಲ. ಹೋಗು. ಮೂರು ತಿಂಗಳಲ್ಲಿ ಅಮ್ಮನ ಊಟ ಒಂದು ದಿನವೂ ತಪ್ಪಲಿಲ್ಲ" ಎಂದರು. ಆಮೇಲೆ ಖಾತ್ರಿ ಮಾಡಿಕೊಳ್ಳುವವರಂತೆ ಅಜ್ಜಿಯ ಕಡೆ ತಿರುಗಿದರು. "ಅಲ್ವೇನಮ್ಮ?"

ಅಜ್ಜಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸದೆ, ಅವತ್ತಿನ ಹಾಗೇ ಮೂಗು ಮುರಿದು ಅಂದಳು:

"ತಪ್ಪಿದ್ರೆ ನಾನು ಸುಮ್ನಿರೋಳೇನೋ?"